ಮಾರ್ಚ್‌ನ ಇನ್ಸೆಂಟಿವ್, ಮೇ ತಿಂಗಳ ಕತ್ತರಿ

ಮಾರಾಟದ ಕೆಲಸದಲ್ಲಿರುವವರಿಗೆ ಮೇ ತಿಂಗಳ ಸಂಬಳದ ಚೀಟಿ ತೆರೆಯಲು ಕೊಂಚ ಅಳುಕು. ಮಾರ್ಚ್ ಬಂದರೆ ಆರ್ಥಿಕ ವರ್ಷ ಮುಗಿಯುತ್ತದೆ, ಟಾರ್ಗೆಟ್ ಮುಟ್ಟಿಸಲು ಮೇಲಿನವರ ಒತ್ತಡ ಏರುತ್ತದೆ, ಅರೆಮನಸ್ಸಿನ ಗಿರಾಕಿಯಿಂದಲೂ ಹೇಗೋ ಒಂದು ಬುಕಿಂಗ್ ಆಗುತ್ತದೆ. ಅದರ ಇನ್ಸೆಂಟಿವ್ ಏಪ್ರಿಲ್ ಸಂಬಳದ ಜೊತೆ ಕೈಸೇರಿ, ಮಕ್ಕಳ ಶಾಲೆಯ ಫೀಸಿಗೋ ಬೈಕಿನ ಕಂತಿಗೋ ಹೋಗಿಬಿಡುತ್ತದೆ. ಮೇ ಬರುವಷ್ಟರಲ್ಲಿ ಆ ಗಿರಾಕಿಗಳಲ್ಲಿ ಒಬ್ಬಿಬ್ಬರು ಆರ್ಡರ್ ರದ್ದು ಮಾಡಿರುತ್ತಾರೆ, ಇಲ್ಲವೇ ಮಾಲು ವಾಪಸು ಕಳಿಸಿರುತ್ತಾರೆ. ಆಗ ಸಂಬಳದ ಚೀಟಿಯಲ್ಲಿ ‘ಇನ್ಸೆಂಟಿವ್ ರಿಕವರಿ’ ಎಂದು ಒಂದು ಸಾಲು ಬಂದು ಕೂರುತ್ತದೆ. ಎಚ್‌ಆರ್‌ನವರು ಇದನ್ನು ಕ್ಲಾಬ್ಯಾಕ್ ಎನ್ನುತ್ತಾರೆ, ಹುಡುಗರು ‘ಕಟ್ ಆಯ್ತು’ ಎನ್ನುತ್ತಾರೆ.

ಮಾರಾಟವೇ ನಿಲ್ಲಲಿಲ್ಲ ಎಂದ ಮೇಲೆ ಅದರ ಕಮಿಷನ್ ಯಾಕೆ ನಿಲ್ಲಬೇಕು ಎಂಬುದು ಕಂಪನಿಯ ವಾದ. ಅದರಲ್ಲಿ ನ್ಯಾಯ ಇದೆ. ಆದರೆ ಈ ಸಾಲಿನ ಎದುರು ಇರುವ ಮೊತ್ತ ಹಲವು ಸಲ ಯಾರ ಅಂದಾಜಿಗೂ ಸಿಗುವುದಿಲ್ಲ. ರದ್ದಾದ ಆರ್ಡರಿಗೆ ಬಂದಿದ್ದು ಮೂರೂವರೆ ಸಾವಿರ, ಕತ್ತರಿ ಬಿದ್ದಿದ್ದು ಹದಿಮೂರು ಸಾವಿರಕ್ಕೆ ಎಂದರೆ ಎಲ್ಲೋ ಮೋಸ ನಡೆದಿದೆ ಎಂದೇ ಅನಿಸುತ್ತದೆ. ಬಹಳ ಸಲ ಅಲ್ಲಿ ಮೋಸವಿರುವುದಿಲ್ಲ, ಲೆಕ್ಕದ ವಿಧಾನ ಇರುತ್ತದೆ. ಅದನ್ನು ಒಮ್ಮೆ ಬಿಡಿಸಿ ನೋಡೋಣ.

ದಾವಣಗೆರೆಯಲ್ಲಿ ಸೋಲಾರ್ ವಾಟರ್ ಹೀಟರ್ ಮಾರುವ ಒಬ್ಬ ಸೇಲ್ಸ್ ಎಕ್ಸಿಕ್ಯುಟಿವ್ ಇದ್ದಾನೆ ಎಂದುಕೊಳ್ಳಿ. ತಿಂಗಳ ಟಾರ್ಗೆಟ್ 10 ಲಕ್ಷ ರೂಪಾಯಿ. ಟಾರ್ಗೆಟ್ ಮುಟ್ಟದಿದ್ದರೆ ಮಾಡಿದ ಮಾರಾಟದ ಮೇಲೆ ಶೇ 2, ಮುಟ್ಟಿದರೆ ಮೊದಲ ರೂಪಾಯಿಯಿಂದಲೇ ಶೇ 3. ಇಂಥ ಸ್ಲ್ಯಾಬ್ ನಮ್ಮಲ್ಲಿ ಸಾಮಾನ್ಯ; ‘ಟಾರ್ಗೆಟ್ ಹೊಡೆದರೆ ಪೂರ್ತಿಗೆ ಮೂರು ಪರ್ಸೆಂಟ್’ ಎಂದು ಹೇಳಿದಾಗ ಹುರುಪು ಬರುತ್ತದೆ. ಮಾರ್ಚ್‌ನಲ್ಲಿ ಅವನು ಬುಕ್ ಮಾಡಿದ್ದು 10.8 ಲಕ್ಷ. ಶೇ 3ರಂತೆ 32,400 ರೂಪಾಯಿ ಏಪ್ರಿಲ್ ಕೊನೆಗೆ ಕೈಗೆ ಬಂತು. ಮೇ ಮೊದಲ ವಾರ ಒಂದು ಅಪಾರ್ಟ್‌ಮೆಂಟಿನವರು 1.2 ಲಕ್ಷದ ಆರ್ಡರ್ ರದ್ದು ಮಾಡಿದರು. ಈಗ ಅವನಿಂದ ಎಷ್ಟು ವಾಪಸು ಪಡೆಯಬೇಕು?

ಮಾರುವವನ ಲೆಕ್ಕ ಸರಳ. ಆ 1.2 ಲಕ್ಷಕ್ಕೆ ಶೇ 3ರಂತೆ ಸಿಕ್ಕಿದ್ದು 3,600, ಅಷ್ಟನ್ನು ಹಿಡಿದುಕೊಳ್ಳಿ. ಆದರೆ ಅಕೌಂಟ್ಸ್‌ನವರು ಮಾರ್ಚ್ ತಿಂಗಳನ್ನೇ ಮತ್ತೆ ತೆರೆಯುತ್ತಾರೆ. 10.8 ಲಕ್ಷದಲ್ಲಿ 1.2 ಹೋದರೆ ಉಳಿದದ್ದು 9.6 ಲಕ್ಷ. ಟಾರ್ಗೆಟ್ ಮುಟ್ಟಿಯೇ ಇಲ್ಲ. ಆದ್ದರಿಂದ ಇಡೀ 9.6 ಲಕ್ಷಕ್ಕೆ ಶೇ 2ರಂತೆ 19,200 ಮಾತ್ರ ಸಲ್ಲಬೇಕಿತ್ತು. ಕೊಟ್ಟದ್ದು 32,400. ವಾಪಸು ಬರಬೇಕಾದ್ದು 13,200. ಒಂದು ಆರ್ಡರ್ ಕೈತಪ್ಪಿದ್ದಕ್ಕೆ ಅದರ ಬೆಲೆಯ ಶೇ 11ರಷ್ಟು ದಂಡ ಬಿದ್ದಂತಾಯಿತು. ಆ ಗಿರಾಕಿ ಬಂದೇ ಇರಲಿಲ್ಲ ಎಂದುಕೊಂಡರೆ ಲೆಕ್ಕ ಸರಿಯೇ. ಆದರೆ ಗಿರಾಕಿ ನಿಂತೇ ಇದ್ದ ಉಳಿದ 9.6 ಲಕ್ಷದ ಮಾರಾಟಕ್ಕೂ ಕೈಹಾಕಿದಂತೆ ಆಯಿತಲ್ಲ ಎಂಬ ಅವನ ಸಂಕಟವೂ ಸುಳ್ಳಲ್ಲ.

ಮೂರನೇ ದಾರಿಯೂ ಇದೆ. ಹಳೆಯ ತಿಂಗಳನ್ನು ತೆರೆಯುವ ರಗಳೆ ಬೇಡವೆಂದು ಕೆಲವು ಕಡೆ ರದ್ದಾದ ಮೊತ್ತವನ್ನು ಚಾಲ್ತಿ ತಿಂಗಳ ಮಾರಾಟದಲ್ಲಿ ಕಳೆಯುತ್ತಾರೆ. ಕೇಳಲು ಮೃದುವಾಗಿದೆ, ಆದರೆ ಫಲ ಪೂರ್ತಿ ಅದೃಷ್ಟದ ಮೇಲೆ. ಮೇ ತಿಂಗಳಲ್ಲಿ ಅವನು 13 ಲಕ್ಷ ಮಾರಿದ್ದರೆ 1.2 ಲಕ್ಷ ಕಳೆದ ಮೇಲೂ ಟಾರ್ಗೆಟ್‌ಗಿಂತ ಮೇಲೆಯೇ ಉಳಿಯುತ್ತಾನೆ, ನಷ್ಟ 3,600. ಬರೀ 8 ಲಕ್ಷ ಮಾರಿದ್ದರೆ ಹೇಗೂ ಶೇ 2ರ ದರ, ನಷ್ಟ 2,400. ಕಷ್ಟಪಟ್ಟು 10.5 ಲಕ್ಷ ಮಾರಿದ್ದರೆ ಮಾತ್ರ ಕಥೆ ಬೇರೆ. ಲೆಕ್ಕ 9.3 ಲಕ್ಷಕ್ಕೆ ಇಳಿದು, 31,500 ಬರಬೇಕಾದಲ್ಲಿ 18,600 ಬರುತ್ತದೆ, ನಷ್ಟ 12,900. ಆರ್ಡರ್ ಅದೇ, ರದ್ದಾದದ್ದೂ ಅದೇ. ಟಾರ್ಗೆಟ್ ಗೆರೆಯ ಆಸುಪಾಸಿನಲ್ಲಿ ನಿಂತವನಿಗೆ ಮಾತ್ರ ಪೆಟ್ಟು.

ಹಾಗಾದರೆ 3,600 ಹಿಡಿದು ಸುಮ್ಮನಾಗುವುದೇ ಧರ್ಮ ಅಲ್ಲವೇ? ಅಷ್ಟು ಬೇಗ ಬೇಡ. ಅದೇ ನಿಯಮವನ್ನು ಚತುರನೊಬ್ಬ ಹೇಗೆ ಓದುತ್ತಾನೆ ನೋಡಿ. ಮಾರ್ಚ್ 30ಕ್ಕೆ ಅವನ ಮಾರಾಟ 9.6 ಲಕ್ಷದಲ್ಲಿ ನಿಂತಿದೆ. ಪರಿಚಯದ ಗುತ್ತಿಗೆದಾರನಿಗೆ ಹೇಳಿ 1.2 ಲಕ್ಷದ ಒಂದು ಬುಕಿಂಗ್ ಹಾಕಿಸುತ್ತಾನೆ, ‘ಮುಂದಿನ ತಿಂಗಳು ಕ್ಯಾನ್ಸಲ್ ಮಾಡಿದರಾಯ್ತು’ ಎಂದು. 19,200ರ ಜಾಗದಲ್ಲಿ 32,400 ಬರುತ್ತದೆ. ಆಮೇಲೆ 3,600 ವಾಪಸು ಹೋದರೂ 28,800 ಉಳಿಯುತ್ತದೆ. ಇಲ್ಲದ ಒಂದು ಮಾರಾಟದಿಂದ 9,600 ರೂಪಾಯಿ ಲಾಭ. ಅಕೌಂಟ್ಸ್‌ನವರು ತಿಂಗಳನ್ನು ಮತ್ತೆ ತೆರೆದು ಕಟುವಾಗಿ ಲೆಕ್ಕ ಹಾಕುವುದು ಇಂಥವರನ್ನು ಕಂಡ ಮೇಲೆಯೇ. ಒಬ್ಬನ ಚಾಲಾಕಿಗೆ ಹೆಣೆದ ಬಲೆಯಲ್ಲಿ ಪ್ರಾಮಾಣಿಕನೂ ಸಿಕ್ಕಿಬೀಳುತ್ತಾನೆ.

ನನ್ನ ಪ್ರಕಾರ ಇಲ್ಲಿ ತಪ್ಪು ರಿಕವರಿಯದ್ದಲ್ಲ, ಸ್ಲ್ಯಾಬ್‌ನದು. ಒಂದು ರೂಪಾಯಿ ಹೆಚ್ಚು ಮಾರಿದರೆ ಇಡೀ ತಿಂಗಳ ದರ ಬದಲಾಗುವ ಪ್ರಪಾತವನ್ನು ಕಂಪನಿಯೇ ಕಟ್ಟಿದೆ. ಅದೇ ಶೇ 3ನ್ನು ಟಾರ್ಗೆಟ್ ಮೇಲಿನ ಮೊತ್ತಕ್ಕೆ ಮಾತ್ರ ಕೊಟ್ಟಿದ್ದರೆ ನಮ್ಮ ದಾವಣಗೆರೆಯವನಿಗೆ ಮಾರ್ಚ್‌ನಲ್ಲಿ 10 ಲಕ್ಷಕ್ಕೆ 20,000, ಮೇಲಿನ 80 ಸಾವಿರಕ್ಕೆ 2,400, ಒಟ್ಟು 22,400 ಸಿಗುತ್ತಿತ್ತು. ಆರ್ಡರ್ ರದ್ದಾದ ಮೇಲೆ 19,200. ವಾಪಸು ಕೊಡಬೇಕಾದ್ದು 3,200 ಮಾತ್ರ. ತಿಂಗಳನ್ನು ಮತ್ತೆ ತೆರೆದರೂ ನೋವಿಲ್ಲ, ಸುಳ್ಳು ಬುಕಿಂಗ್ ಹಾಕಿದರೂ ಲಾಭವಿಲ್ಲ. ಹೊಸ ಕೆಲಸಕ್ಕೆ ಸೇರುವವರು ಇನ್ಸೆಂಟಿವ್ ಶೇಕಡಾ ಎಷ್ಟು ಎಂದು ಕೇಳುತ್ತಾರೆ. ಆ ಶೇಕಡಾ ಯಾವುದರ ಮೇಲೆ ಎಂದು ಕೇಳುವವರು ಕಡಿಮೆ.

ಇನ್ನು ಕಾಯಿದೆಯ ಮಾತು. ಕೊಟ್ಟ ಕಮಿಷನ್ ಕಿತ್ತುಕೊಳ್ಳಬಹುದೇ ಎಂಬ ಪ್ರಶ್ನೆಯನ್ನು ಬಹಳ ಸೂಕ್ಷ್ಮವಾಗಿ ಅರೆದು ನೋಡಿದ್ದು ಅಮೆರಿಕದ ಕ್ಯಾಲಿಫೋರ್ನಿಯಾದ ನ್ಯಾಯಾಲಯಗಳು. ಎರಡು ತೀರ್ಪುಗಳನ್ನು ಪಕ್ಕಪಕ್ಕ ಇಟ್ಟರೆ ವಿಷಯ ತಿಳಿಯಾಗುತ್ತದೆ.

ಮೊದಲನೆಯದು 1995ರದು. ನೀಮನ್ ಮಾರ್ಕಸ್ ಎಂಬ ದುಬಾರಿ ಮಳಿಗೆಗಳ ಕಂಪನಿ ತನ್ನ ಮಾರಾಟಗಾರರಿಗೆ ಕಮಿಷನ್ ಕೊಡುತ್ತಿತ್ತು. ಗಿರಾಕಿ ವಸ್ತು ವಾಪಸು ತಂದಾಗ ಅದನ್ನು ಯಾರು ಮಾರಿದ್ದೆಂದು ಗೊತ್ತಾದರೆ ಅವರ ಕಮಿಷನ್‌ನಲ್ಲಿ ಕಳೆಯುತ್ತಿತ್ತು. ಆದರೆ ಕೆಲವು ವಸ್ತುಗಳನ್ನು ಯಾರು ಮಾರಿದ್ದೆಂದೇ ಗೊತ್ತಾಗುತ್ತಿರಲಿಲ್ಲ. ಅಂಥ ವಾಪಸಾತಿಯ ಹೊರೆಯನ್ನು ಕಂಪನಿ ಆ ವಿಭಾಗದ ಎಲ್ಲರ ಮೇಲೂ ಅವರವರ ಮಾರಾಟದ ಪ್ರಮಾಣದಂತೆ ಹಂಚುತ್ತಿತ್ತು. ನ್ಯಾಯಾಲಯ ಇದನ್ನು ಒಪ್ಪಲಿಲ್ಲ. ತಾನು ಮಾರದೇ ಇದ್ದಿರಬಹುದಾದ ವಸ್ತುವಿನ ನಷ್ಟವನ್ನು ನೌಕರನ ಕಿಸೆಯಿಂದ ತುಂಬಿಸುವುದೆಂದರೆ ವ್ಯಾಪಾರದ ಅಪಾಯಕ್ಕೆ ಅವನನ್ನೇ ವಿಮೆಗಾರನನ್ನಾಗಿ ಮಾಡಿದಂತೆ ಎಂಬುದು ಅದರ ತರ್ಕ.

ಎರಡನೆಯದು 2005ರದು, ಲಾಸ್ ಏಂಜಲೀಸ್ ಟೈಮ್ಸ್ ಪತ್ರಿಕೆಯದು. ಫೋನಿನಲ್ಲಿ ಚಂದಾ ಹಿಡಿಯುವವರಿಗೆ ಪತ್ರಿಕೆ ಕೂಡಲೇ ಕಮಿಷನ್ ಕೊಡುತ್ತಿತ್ತು. ಚಂದಾದಾರ 28 ದಿನ ನಿಲ್ಲದಿದ್ದರೆ ವಾಪಸು ಹಿಡಿಯುತ್ತಿತ್ತು. ಇಲ್ಲಿ ನ್ಯಾಯಾಲಯ ಪತ್ರಿಕೆಯ ಪರ ನಿಂತಿತು. ನೌಕರರು ಈ ಷರತ್ತಿಗೆ ಮೊದಲೇ ಬರಹದಲ್ಲಿ ಒಪ್ಪಿದ್ದರು. 28 ದಿನ ತುಂಬುವವರೆಗೆ ಅದು ಗಳಿಸಿದ ಕಮಿಷನ್ನೇ ಅಲ್ಲ, ಬರೀ ಮುಂಗಡ. ಮುಂಗಡವನ್ನು ಹೊಂದಿಸಿಕೊಳ್ಳುವುದು ಸಂಬಳ ಕಡಿತವಾಗುವುದಿಲ್ಲ.

ಎರಡನ್ನೂ ಸೇರಿಸಿ ಓದಿದರೆ ಗೆರೆ ಎಲ್ಲಿದೆ ಎಂದು ಕಾಣುತ್ತದೆ. ಇಂಥ ಮಾರಾಟ ಇಂಥವನದು ಎಂದು ಬೊಟ್ಟು ಮಾಡಿ ತೋರಿಸಬೇಕು, ಯಾವ ದಿನಕ್ಕೆ ಕಮಿಷನ್ ಪಕ್ಕಾ ಆಗುತ್ತದೆ ಎಂದು ಮೊದಲೇ ಬರೆದಿರಬೇಕು. ಬುಕಿಂಗ್ ಆದ ದಿನವೋ, ಮಾಲು ಮನೆ ಸೇರಿದ ದಿನವೋ, ಗಿರಾಕಿ ಪೂರ್ತಿ ಹಣ ಕಟ್ಟಿದ ದಿನವೋ, ರದ್ದು ಮಾಡುವ ಅವಧಿ ಮುಗಿದ ದಿನವೋ? ಆಫರ್ ಲೆಟರ್‌ನಲ್ಲಿ ‘ಕಂಪನಿಯ ನೀತಿಯಂತೆ ಇನ್ಸೆಂಟಿವ್’ ಎಂದು ಒಂದೇ ಸಾಲು ಇದ್ದು, ಆ ನೀತಿಯ ಕಾಗದವನ್ನು ಯಾರೂ ತೋರಿಸದಿದ್ದರೆ ಜಗಳ ಶುರುವಾಗುವುದು ಅಲ್ಲಿಂದ.

ಕ್ಯಾಲಿಫೋರ್ನಿಯಾದ ತೀರ್ಪು ದಾವಣಗೆರೆಯಲ್ಲಿ ನಡೆಯುವುದಿಲ್ಲ, ನಿಜ. ನಮ್ಮಲ್ಲಿ ಈಗ ನೋಡಬೇಕಾದ್ದು 2025ರ ನವೆಂಬರ್ 21ರಿಂದ ಜಾರಿಗೆ ಬಂದ ವೇತನ ಸಂಹಿತೆ. ಸಂಬಳದಲ್ಲಿ ಯಾವ ಯಾವ ಕಾರಣಕ್ಕೆ ಕಡಿತ ಮಾಡಬಹುದು ಎಂದು ಅದರ 18ನೇ ಸೆಕ್ಷನ್ ಪಟ್ಟಿ ಕೊಡುತ್ತದೆ. ಮುಂಗಡದ ವಸೂಲಿ, ಹೆಚ್ಚಾಗಿ ಕೊಟ್ಟ ವೇತನದ ಹೊಂದಾಣಿಕೆ ಆ ಪಟ್ಟಿಯಲ್ಲಿವೆ. ಎಲ್ಲ ಕಡಿತ ಸೇರಿ ಆ ಅವಧಿಯ ವೇತನದ ಅರ್ಧವನ್ನು ಮೀರಬಾರದು. ಹಳೆಯ ವೇತನ ಪಾವತಿ ಕಾಯಿದೆಯ ರಕ್ಷಣೆ ತಿಂಗಳಿಗೆ 24,000 ರೂಪಾಯಿವರೆಗೆ ಸಂಬಳ ಇದ್ದವರಿಗಷ್ಟೇ ಇತ್ತು. ಸಂಹಿತೆಯಲ್ಲಿ ಆ ಮಿತಿ ಹೋಗಿದೆ.

ಆದರೆ ಒಂದು ತೊಡಕು ಇದೆ. ಅದೇ ಸಂಹಿತೆ ‘ವೇತನ’ ಎಂದರೇನು ಎಂದು ಹೇಳುವಾಗ ಕಮಿಷನ್ನನ್ನು ಹೊರಗಿಡುತ್ತದೆ. ಹೀಗೆ ಹೊರಗಿಟ್ಟ ಬಾಬತ್ತುಗಳೆಲ್ಲ ಸೇರಿ ಒಟ್ಟು ಸಂಭಾವನೆಯ ಅರ್ಧ ದಾಟಿದರೆ ದಾಟಿದ ಭಾಗ ಮತ್ತೆ ವೇತನವಾಗುತ್ತದೆ, ಅದು ಬೇರೆ ಮಾತು. ಇದರ ಪರಿಣಾಮ ಏನು? ಈ ತಿಂಗಳ ಇನ್ಸೆಂಟಿವ್‌ನಲ್ಲಿ ಹಳೆಯ ಇನ್ಸೆಂಟಿವ್ ಕಳೆದುಕೊಂಡರೆ ಕಂಪನಿ ಹೆಚ್ಚುಕಡಿಮೆ ನಿಶ್ಚಿಂತೆ. ಈ ತಿಂಗಳು ಇನ್ಸೆಂಟಿವ್ ಇಲ್ಲವೆಂದು ಮೂಲ ಸಂಬಳಕ್ಕೇ ಕೈಹಾಕಿದರೆ ಅದು ಕಡಿತ. ಆ ಪಟ್ಟಿಯೊಳಗೆ ಕೂರಬೇಕು, ಅರ್ಧದ ಮಿತಿ ದಾಟಬಾರದು. ಕಮಿಷನ್ ವೇತನವೇ ಅಲ್ಲದ ಮೇಲೆ ಅದನ್ನು ‘ಹೆಚ್ಚಾಗಿ ಕೊಟ್ಟ ವೇತನ’ ಎಂದು ಸಂಬಳದಿಂದ ಹಿಡಿಯುವುದು ಹೇಗೆ ಎಂದು ನೌಕರನ ಪರ ವಕೀಲರು ಕೇಳಬಹುದು. ಗಟ್ಟಿಯಾದ ಪ್ರಶ್ನೆಯೇ. ಅದಕ್ಕಾಗಿಯೇ ತಿಳಿದ ಕಂಪನಿಗಳು ಒಪ್ಪಂದದಲ್ಲಿ ‘ಮುಂಗಡ’ ಎಂಬ ಮಾತನ್ನು ಮರೆಯದೆ ಬರೆಸುತ್ತವೆ.

ಕೆಲಸ ಬಿಡುವಾಗ ಇದು ಇನ್ನೂ ಇಕ್ಕಟ್ಟು. ರಾಜೀನಾಮೆ ಕೊಟ್ಟವರ ವೇತನವನ್ನು ಎರಡು ಕೆಲಸದ ದಿನಗಳೊಳಗೆ ಚುಕ್ತಾ ಮಾಡಬೇಕೆಂದು ಸಂಹಿತೆ ಹೇಳುತ್ತದೆ. ರದ್ದತಿಯ ಅವಧಿ 60 ದಿನ ಇಟ್ಟುಕೊಂಡ ಕಂಪನಿಗೆ ಮಾರಿಹೋದವನ ಎಷ್ಟು ಆರ್ಡರ್ ನಿಲ್ಲುತ್ತವೆ ಎಂದು ಆ ಹೊತ್ತಿಗೆ ಗೊತ್ತಿರುವುದೇ ಇಲ್ಲ. ಆಗ ಕಂಪನಿಗಳು ಬಾಕಿ ಇನ್ಸೆಂಟಿವ್ ಪೂರ್ತಿ ತಡೆಹಿಡಿಯುತ್ತವೆ, ಇಲ್ಲವೇ ರಿಲೀವಿಂಗ್ ಲೆಟರ್ ಮುಂದಿಟ್ಟುಕೊಂಡು ಸಹಿ ಮಾಡಿಸಿಕೊಳ್ಳುತ್ತವೆ. ಸಹಿ ಮಾಡುವ ಮುಂಚೆ ಯಾವ ಆರ್ಡರಿಗೆ ಎಷ್ಟು ತಡೆದಿದ್ದಾರೆ, ಯಾವ ದಿನಾಂಕದ ನಂತರ ಉಳಿದದ್ದು ಕೊಡುತ್ತಾರೆ ಎಂಬ ಪಟ್ಟಿಯನ್ನಾದರೂ ಕೇಳಿ ಪಡೆಯಬೇಕು.

ತೆರಿಗೆಯ ವಿಷಯ ಚಿಕ್ಕದು, ಆದರೆ ಮಾರ್ಚ್ ಗಡಿ ಇರುವುದರಿಂದ ಹೇಳಲೇಬೇಕು. ಇನ್ಸೆಂಟಿವ್ ಕೊಟ್ಟದ್ದೂ ಹಿಡಿದದ್ದೂ ಒಂದೇ ಆರ್ಥಿಕ ವರ್ಷದಲ್ಲಾದರೆ ಟಿಡಿಎಸ್ ತಾನಾಗಿ ಹೊಂದಿಕೊಳ್ಳುತ್ತದೆ. ಫೆಬ್ರುವರಿಯಲ್ಲಿ ಕೊಟ್ಟು ಮೇ ತಿಂಗಳಲ್ಲಿ ಹಿಡಿದರೆ ಹೋದ ವರ್ಷದ ಫಾರ್ಮ್ 16ರಲ್ಲಿ ಪೂರ್ತಿ ಮೊತ್ತವೇ ಉಳಿದಿರುತ್ತದೆ, ತೆರಿಗೆಯೂ ಕಟ್ಟಿ ಆಗಿರುತ್ತದೆ. ಅದೇ ಕಂಪನಿಯಲ್ಲಿ ಮುಂದುವರಿದವನಿಗೆ ಈ ವರ್ಷದ ಆದಾಯ ಅಷ್ಟು ಕಡಿಮೆ ಕಾಣಬೇಕು. ಕಾಣುತ್ತದೆಯೇ ಎಂದು ನೋಡಿಕೊಂಡರೆ ಸಾಕು.

ಲೆಕ್ಕ, ಕಾಯಿದೆ ಎರಡೂ ಸರಿಯಿದ್ದರೂ ಕತ್ತರಿ ತಪ್ಪು ಜಾಗದಲ್ಲಿ ಬೀಳುವುದುಂಟು. ಅದಕ್ಕೆ ಕಾರಣ ಹೆಚ್ಚಾಗಿ ರದ್ದತಿಯ ಕಾರಣವನ್ನು ಬರೆದವರು. ದಾವಣಗೆರೆಯ ಆ ಅಪಾರ್ಟ್‌ಮೆಂಟಿನವರು ಆರ್ಡರ್ ರದ್ದು ಮಾಡಿದ್ದು ಮೂರು ವಾರ ಕಾದರೂ ಅಳವಡಿಸುವ ಪ್ಲಂಬರ್ ಬರಲಿಲ್ಲ ಎಂದಾಗಿದ್ದರೆ? ಕಂಪ್ಯೂಟರಿನಲ್ಲಿ ಕಾರಣಗಳ ಪಟ್ಟಿ ಇರುತ್ತದೆ. ಫೋನ್ ತೆಗೆದ ಸಿಬ್ಬಂದಿ ಎಲ್ಲಕ್ಕೂ ‘ಗ್ರಾಹಕರ ನಿರ್ಧಾರ’ ಎಂಬ ಮೊದಲ ಸಾಲನ್ನೇ ಒತ್ತಿ ಮುಂದೆ ಹೋಗುತ್ತಾರೆ. ಸರ್ವಿಸ್ ವಿಭಾಗದ ತಪ್ಪು ಹಾಗೆ ಸೇಲ್ಸ್ ಹುಡುಗನ ಲೆಕ್ಕಕ್ಕೆ ಬಂದು ಬೀಳುತ್ತದೆ. ದೋಷವಿರುವ ಮಾಲನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳದಿದ್ದರೆ 30 ದಿನದೊಳಗೆ ವಾಪಸು ಪಡೆಯಲು ನಿರಾಕರಿಸುವುದು 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಪ್ರಕಾರ ಅನುಚಿತ ವ್ಯಾಪಾರ. ಅಂದರೆ ಹಾಳು ಮಾಲನ್ನು ವಾಪಸು ಪಡೆಯುವ ಹೊಣೆ ವ್ಯಾಪಾರಿಯದ್ದು. ತಯಾರಿಕೆಯ ದೋಷಕ್ಕೆ ಮಾರಿದವನ ಕಮಿಷನ್ ಯಾಕೆ ಹೋಗಬೇಕು ಎಂಬುದಕ್ಕೆ ನನಗೆ ಒಪ್ಪುವ ಉತ್ತರ ಇನ್ನೂ ಸಿಕ್ಕಿಲ್ಲ.

ಬದಲಿ ಮಾಲಿನದು ಮತ್ತೊಂದು ಗೋಜಲು. ಗಿರಾಕಿ 200 ಲೀಟರಿನ ಹೀಟರ್ ವಾಪಸು ಕೊಟ್ಟು 300 ಲೀಟರಿನದನ್ನು ತೆಗೆದುಕೊಂಡರೆ ಗಣಕದಲ್ಲಿ ಒಂದು ರದ್ದತಿ, ಒಂದು ಹೊಸ ಆರ್ಡರ್ ಆಗುತ್ತದೆ. ರದ್ದತಿ ಮಾರಿದವನ ಹೆಸರಿನಲ್ಲೇ ಇರುತ್ತದೆ; ಹೊಸ ಆರ್ಡರ್ ಅದನ್ನು ಬರೆದುಕೊಂಡ ಶೋರೂಮಿನ ಹೆಸರಿಗೆ ಹೋಗಿರುತ್ತದೆ. ರಿಕವರಿ ಪಟ್ಟಿ ಕೈಗೆ ಬಂದಾಗ ಅದೇ ಗಿರಾಕಿಯ ಫೋನ್ ನಂಬರಿಗೆ ಆಮೇಲೆ ಬೇರೆ ಬಿಲ್ ಆಗಿದೆಯೇ ಎಂದು ಹುಡುಕಿಸಬೇಕು. ಹಾಗೆಯೇ ಕಮಿಷನ್ ಕೊಟ್ಟದ್ದು ಜಿಎಸ್‌ಟಿ ಬಿಟ್ಟ ಬೆಲೆಗೆ, ಹಿಡಿದದ್ದು ಜಿಎಸ್‌ಟಿ ಸೇರಿದ ಬಿಲ್ ಮೊತ್ತಕ್ಕೆ ಎಂಬ ಎಡವಟ್ಟೂ ಆಗುತ್ತದೆ. ಎರಡೂ ಕಡೆ ಒಂದೇ ಅಂಕಿ ಇದೆಯೇ ಎಂದು ನೋಡಲು ಐದು ನಿಮಿಷ ಸಾಕು.

ಮ್ಯಾನೇಜರುಗಳ ಕಡೆಯಿಂದ ನೋಡುವುದಾದರೆ, ಅವರು ಗಮನಿಸಬೇಕಾದ್ದು ರದ್ದತಿ ಎಷ್ಟು ಬಂತು ಎಂಬುದಕ್ಕಿಂತ ಎಷ್ಟನೇ ದಿನಕ್ಕೆ ಬಂತು ಎಂಬುದನ್ನು. ಗಿರಾಕಿ ತಾನಾಗಿ ಮನಸ್ಸು ಬದಲಿಸುವುದು ಮೊದಲ ವಾರಗಳಲ್ಲಿ. ದಿನ ಕಳೆದಂತೆ ರದ್ದತಿ ಇಳಿಯುತ್ತಾ ಹೋಗಬೇಕು. ರಿಕವರಿ ಅವಧಿ 60 ದಿನ ಇದ್ದು, 61ರಿಂದ 70ನೇ ದಿನದೊಳಗೆ ರದ್ದತಿ ಮತ್ತೆ ಏರಿದರೆ, ಯಾರೋ ಗಿರಾಕಿಗೆ ‘ಸ್ವಲ್ಪ ತಡೀರಿ ಸಾರ್, ನಾನೇ ಮಾಡಿಸಿಕೊಡ್ತೀನಿ’ ಎಂದಿದ್ದಾರೆ ಎಂದೇ ಅರ್ಥ. ತನ್ನ ಕಮಿಷನ್ ಉಳಿಸಿಕೊಳ್ಳಲು ಗಿರಾಕಿಯ ಹಣವನ್ನು ಎರಡು ತಿಂಗಳು ಸಿಕ್ಕಿಸಿಡುವ ಈ ಚಾಳಿಯನ್ನು ಹುಟ್ಟಿಸಿದ್ದೂ ರಿಕವರಿ ನಿಯಮವೇ.

ಇದಕ್ಕೆ ಅನೇಕ ಕಡೆ ಕಂಡುಕೊಂಡ ದಾರಿ, ಕೊಟ್ಟು ಕಿತ್ತುಕೊಳ್ಳುವ ಬದಲು ತಡೆದು ಕೊಡುವುದು. ಬುಕಿಂಗ್ ಆದಾಗ ಕಮಿಷನ್‌ನ ಒಂದು ಭಾಗ, ಮಾಲು ಅಳವಡಿಸಿ ರದ್ದತಿಯ ಅವಧಿ ದಾಟಿದ ಮೇಲೆ ಉಳಿದದ್ದು. ಅವಧಿ ಎಷ್ಟಿರಬೇಕೆಂಬುದು ಮಾರುವ ವಸ್ತುವಿನ ಮೇಲೆ ನಿಂತಿದೆ. ಜೀವ ವಿಮೆಯಲ್ಲಿ ಪಾಲಿಸಿ ಪತ್ರ ಕೈಸೇರಿದ 30 ದಿನದೊಳಗೆ ಬೇಡವೆಂದು ವಾಪಸು ಕೊಡುವ ಹಕ್ಕನ್ನು 2024ರ ನಿಯಮಗಳು ಎಲ್ಲ ಗ್ರಾಹಕರಿಗೂ ಕೊಟ್ಟಿವೆ. ಆ 30 ದಿನ ಮುಗಿಯುವ ಮುಂಚೆ ಏಜೆಂಟನಿಗೆ ಸಂದಾಯವಾದ ಕಮಿಷನ್ ಒಂದು ರೀತಿಯಲ್ಲಿ ಸಾಲವೇ. ಆದರೆ ತಡೆದು ಕೊಡುವುದಕ್ಕೂ ಬೆಲೆಯಿದೆ. ಇಪ್ಪತ್ತೆರಡು ಸಾವಿರ ಸಂಬಳದವನಿಗೆ ಎರಡು ತಿಂಗಳು ಬಿಟ್ಟು ಬರುವ ಇನ್ಸೆಂಟಿವ್‌ನಲ್ಲಿ ಆ ಹುರುಪು ಇರುವುದಿಲ್ಲ, ಕಂಪನಿಗಳಿಗೂ ಅದು ಗೊತ್ತು. ಅದಕ್ಕೇ ಮುಂಗಡ ಕೊಡುವ ಆಸೆ ಬಿಡುವುದಿಲ್ಲ.

ಈ ಆಸೆಯನ್ನು ಕಾನೂನಿನಿಂದಲೇ ಕಟ್ಟಿಹಾಕಿದ ಕ್ಷೇತ್ರ ನಮ್ಮಲ್ಲಿ ಒಂದಿದೆ, ಮ್ಯೂಚುವಲ್ ಫಂಡ್. 2018ರ ಅಕ್ಟೋಬರ್ 22ರಂದು ಸೆಬಿ ಹೊರಡಿಸಿದ ಸುತ್ತೋಲೆ ವಿತರಕರಿಗೆ ಮುಂಗಡ ಕಮಿಷನ್ ಕೊಡುವುದನ್ನು ನಿಲ್ಲಿಸಿತು. ಹೂಡಿಕೆದಾರ ಹಣ ಇಟ್ಟಿರುವಷ್ಟು ಕಾಲ ವರ್ಷ ವರ್ಷ ಸ್ವಲ್ಪ ಸ್ವಲ್ಪ ಬರುವ ಟ್ರೇಲ್ ಕಮಿಷನ್ ಮಾತ್ರ ಉಳಿಯಿತು. ಹೂಡಿಕೆದಾರ ಹಣ ತೆಗೆದರೆ ಕಮಿಷನ್ ಅಂದಿಗೆ ನಿಲ್ಲುತ್ತದೆ. ವಾಪಸು ಕೇಳಲು ಏನೂ ಇರುವುದಿಲ್ಲ. ಹೊಸಬ ವಿತರಕನಿಗೆ ಮೊದಲ ಕೆಲವು ವರ್ಷ ಕೈಗೆ ಬರುವುದು ತೀರ ಕಡಿಮೆ ಎಂಬುದು ಇದರ ಇನ್ನೊಂದು ಮುಖ. ಹಾಗೆಂದು ಸೆಬಿ ಒಂದು ಕಿಂಡಿ ಬಿಟ್ಟಿತು. ಮೊದಲ ಬಾರಿಗೆ ಫಂಡಿಗೆ ಬರುವವರ, ತಿಂಗಳಿಗೆ 3,000 ರೂಪಾಯಿವರೆಗಿನ ಎಸ್‌ಐಪಿಗೆ ಟ್ರೇಲ್ ಕಮಿಷನ್ನನ್ನು ಮುಂಚಿತವಾಗಿ ಕೊಡಬಹುದು ಎಂದಿತು. ಅದರ ಬೆನ್ನಿಗೇ ಷರತ್ತು ಸೇರಿಸಿತು: ಎಸ್‌ಐಪಿ ನಡುವೆ ನಿಂತರೆ ಉಳಿದ ಅವಧಿಯಷ್ಟು ಕಮಿಷನ್ನನ್ನು ವಿತರಕನಿಂದ ವಾಪಸು ಪಡೆಯಬೇಕು.